ಉಪನ್ಯಾಸದ ವಿಡಿಯೊ ಡೌನ್‌ಲೋಡ್ ಮಾಡಿ ಕ್ಲಾಸಿನಲ್ಲಿ ತೋರಿಸಬೇಕು: ಅನುಮತಿ ಪತ್ರದಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಭೂಕಂಪದ ಅಲೆಗಳ ಬಗ್ಗೆ ಒಬ್ಬ ವಿಜ್ಞಾನಿ ಕೊಟ್ಟ 50 ನಿಮಿಷದ ಉಪನ್ಯಾಸ ಒಂದು ವಿಜ್ಞಾನ ಕೂಟದ ವೆಬ್‌ಸೈಟಿನಲ್ಲಿದೆ. ಅದರಲ್ಲಿ 12 ನಿಮಿಷದ ಒಂದು ಭಾಗ ನನ್ನ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕ್ಲಾಸಿನಲ್ಲಿ ನೆಟ್ ಸರಿಯಾಗಿ ಬರುವುದಿಲ್ಲ. ಹಾಗಾಗಿ ಡೌನ್‌ಲೋಡ್ ಮಾಡಿ, ಆ ಭಾಗ ಮಾತ್ರ ಕತ್ತರಿಸಿ, ಕನ್ನಡ ಸಬ್‌ಟೈಟಲ್ ಹಾಕಿ ತೋರಿಸಬೇಕು, ಆ ದಿನ ಬಾರದ ಮಕ್ಕಳಿಗೆ ಕ್ಲಾಸ್ ಗ್ರೂಪಿನಲ್ಲಿ ಕಳಿಸಬೇಕು ಅಂತಿದ್ದೇನೆ. "ನಿಮ್ಮ ವಿಡಿಯೊವನ್ನು ಶೈಕ್ಷಣಿಕ ಉದ್ದೇಶಕ್ಕೆ ಬಳಸಿಕೊಳ್ಳಲು ಅನುಮತಿ ಕೊಡಿ" ಅಂತ ಸೈಟಿನವರಿಗೆ ಬರೆದು ಮೂರು ವಾರವಾಯಿತು, ಉತ್ತರವೇ ಇಲ್ಲ. ಪಾಠಕ್ಕಾದರೆ ಅನುಮತಿ ಬೇಡ ಅಂತಾರೆ ಒಬ್ಬ ಸಹೋದ್ಯೋಗಿ, ಮೂಲ ಯಾವುದು ಅಂತ ಹಾಕಿದರೆ ಸಾಕು ಅಂತಾರೆ ಇನ್ನೊಬ್ಬರು. ಏನು ಮಾಡಲಿ ಮೇಡಂ?

ಉತ್ತರ: ಉತ್ತರ ಬಾರದೇ ಇರುವುದಕ್ಕೆ ನೀವು ಬರೆದ ಆ ಒಂದು ಸಾಲೇ ಕಾರಣ ಇರಬಹುದು. ನಾನು ಗ್ರಂಥಾಲಯದಲ್ಲಿ ಅನುಮತಿ ಕೇಳುವ ಪತ್ರಗಳನ್ನು ಬರೆದಿದ್ದೇನೆ, ನಮಗೆ ಬಂದ ಅಂಥ ಪತ್ರಗಳಿಗೆ ಉತ್ತರವನ್ನೂ ಕೊಟ್ಟಿದ್ದೇನೆ. ಆ ಕಡೆ ಕೂತು ಓದುವವರಿಗೆ ನಿಮ್ಮ ಸಾಲು ಹೇಗೆ ಕಾಣುತ್ತದೆ ಅಂತ ಮೊದಲು ಹೇಳುತ್ತೇನೆ, ಮಿಕ್ಕದ್ದೆಲ್ಲ ಅದರಿಂದಲೇ ಬಿಚ್ಚಿಕೊಳ್ಳುತ್ತದೆ.

"ನಿಮ್ಮ ವಿಡಿಯೊ" ಅಂದಿದ್ದೀರಿ. ಸೈಟಿನಲ್ಲಿ ಹತ್ತಾರು ವಿಡಿಯೊ ಇರುತ್ತವೆ, ಯಾವುದು? "ಶೈಕ್ಷಣಿಕ ಉದ್ದೇಶ" ಅಂದಿದ್ದೀರಿ. ನಲವತ್ತು ಮಕ್ಕಳ ಎದುರು ಒಂದು ಸಲ ತೋರಿಸುವುದೂ ಶೈಕ್ಷಣಿಕವೇ, ದುಡ್ಡು ತೆಗೆದುಕೊಂಡು ನಡೆಸುವ ಆನ್‌ಲೈನ್ ಕೋರ್ಸಿಗೆ ಸೇರಿಸುವುದೂ ಶೈಕ್ಷಣಿಕವೇ. "ಬಳಸಿಕೊಳ್ಳುವುದು" ಅಂದರೆ ತೋರಿಸುವುದಾ, ಕಾಪಿ ಮಾಡುವುದಾ, ಕತ್ತರಿಸುವುದಾ, ನಿಮ್ಮ ಚಾನೆಲ್ಲಿಗೆ ಹಾಕಿಕೊಳ್ಳುವುದಾ? ಪತ್ರ ಓದುವವರು ಸಾಮಾನ್ಯವಾಗಿ ಬೇರೆ ಕೆಲಸದ ನಡುವೆ ಸೈಟ್ ನೋಡಿಕೊಳ್ಳುವ ಒಬ್ಬ ಸದಸ್ಯರು. ಅವರಿಗೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ, ಹೂಂ ಅಂದರೆ ಎಷ್ಟಕ್ಕೆ ಹೂಂ ಅಂದ ಹಾಗಾಯಿತು ಅಂತ ತಿಳಿಯುವುದಿಲ್ಲ. ಹಾಗಾಗಿ "ಕಮಿಟಿಯಲ್ಲಿ ಕೇಳಿ ಹೇಳೋಣ" ಅಂತ ಪಕ್ಕಕ್ಕಿಡುತ್ತಾರೆ, ಅದು ಅಲ್ಲೇ ಉಳಿದುಬಿಡುತ್ತದೆ. ನಿಮ್ಮ ಮೇಲೆ ಅವರಿಗೆ ಸಿಟ್ಟೇನೂ ಇರುವುದಿಲ್ಲ, ಪತ್ರ ಅವರಿಗೆ ತೀರ್ಮಾನ ಮಾಡಲು ಏನನ್ನೂ ಕೊಟ್ಟಿರುವುದಿಲ್ಲ ಅಷ್ಟೇ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸೈಟ್ ಅವರದು, ನಿಜ. ಆದರೆ ಉಪನ್ಯಾಸ ಪೂರ್ತಿ ಅವರದೇ ಆಗಿರಬೇಕು ಅಂತಿಲ್ಲ.

ಒಂದು ರೆಕಾರ್ಡ್ ಆದ ಉಪನ್ಯಾಸದಲ್ಲಿ ಹಲವರ ಹಕ್ಕು ಒಂದರ ಮೇಲೊಂದು ಕೂತಿರುತ್ತದೆ. ಮಾತು ಉಪನ್ಯಾಸ ಕೊಟ್ಟವರದು. ಕೆಲವು ಕಡೆ, ಅವರು ಕೆಲಸ ಮಾಡುವ ಸಂಸ್ಥೆಯ ಪರವಾಗಿ ಮಾತಾಡಿದ್ದರೆ, ಅದು ಆ ಸಂಸ್ಥೆಯದಾಗಬಹುದು. ರೆಕಾರ್ಡಿಂಗ್ ಸಾಮಾನ್ಯವಾಗಿ ಅದನ್ನು ಮಾಡಿಸಿದವರದು, ನಿಮ್ಮ ವಿಷಯದಲ್ಲಿ ಬಹುಶಃ ಆ ಕೂಟದ್ದು. ಸ್ಲೈಡಿನಲ್ಲಿ ಬರುವ ನಕ್ಷೆ, ಫೋಟೊ, ಆನಿಮೇಷನ್ ಇವು ಇನ್ಯಾರದೋ. ಭೂಕಂಪದ ಉಪನ್ಯಾಸ ಅಂದಮೇಲೆ ಅಲೆಗಳು ಭೂಮಿಯ ಒಳಗೆ ಹಾದುಹೋಗುವ ಆನಿಮೇಷನ್ ಒಂದಾದರೂ ಇದ್ದೇ ಇರುತ್ತದೆ ಅಲ್ವಾ, ಅದನ್ನು ವಿಜ್ಞಾನಿಯೇ ಮಾಡಿದರೋ, ಎಲ್ಲಿಂದಲೋ ತಂದುಕೊಂಡರೋ ಗೊತ್ತಿರುವುದಿಲ್ಲ. ಶುರುವಿನಲ್ಲಿ ಸಂಗೀತ ಹಾಕಿದ್ದರೆ ಅದು ಬೇರೆ. ಕೊನೆಯಲ್ಲಿ ಪ್ರಶ್ನೆ ಕೇಳಿದ ಸಭಿಕರ ಮುಖ ಮತ್ತು ದನಿ ಬಂದಿದ್ದರೆ ಅದು ಅವರ ಖಾಸಗಿತನದ ವಿಷಯ.

ಕೂಟದವರು ವಿಜ್ಞಾನಿಯ ಕೈಯಲ್ಲಿ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರಬಹುದು. ಅಂಥ ಪತ್ರಗಳಲ್ಲಿ ಎಷ್ಟೋ ಸಲ ಇರುವುದು "ನನ್ನ ಉಪನ್ಯಾಸವನ್ನು ರೆಕಾರ್ಡ್ ಮಾಡಿ ನಿಮ್ಮ ವೆಬ್‌ಸೈಟಿನಲ್ಲಿ ಹಾಕಲು ಒಪ್ಪಿದ್ದೇನೆ" ಅನ್ನುವಷ್ಟೇ. ಅಷ್ಟು ಸಹಿಯ ಮೇಲೆ ಅವರು ತಮ್ಮ ಸೈಟಿನಲ್ಲಿ ಹಾಕಬಹುದು, ಆದರೆ ಡೌನ್‌ಲೋಡ್ ಮಾಡಿ ಅನುವಾದಿಸಿಕೊಳ್ಳಿ ಅಂತ ನಿಮಗೆ ಹೇಳುವ ಹಕ್ಕು ಬರುವುದಿಲ್ಲ. ಬಾಡಿಗೆಗಿರುವವರು ಮನೆಯನ್ನು ಇನ್ನೊಬ್ಬರಿಗೆ ಒಳಬಾಡಿಗೆ ಕೊಡಬೇಕಾದರೆ ಮಾಲೀಕರ ಒಪ್ಪಿಗೆ ಬೇಕಲ್ಲ, ಹಾಗೆ.

ಇದು ಸುಮ್ನೆ ಕೂದಲು ಸೀಳುವ ಮಾತಲ್ಲ. ಜರ್ಮನಿಯ ಒಂದು ಶಾಲೆಯಲ್ಲಿ ನಡೆದದ್ದನ್ನು ನೋಡಿ. ಒಬ್ಬ ಛಾಯಾಗ್ರಾಹಕರು ತಾವು ತೆಗೆದ ಸ್ಪೇನಿನ ಕಾರ್ಡೊಬ ಊರಿನ ಫೋಟೊವನ್ನು ಒಂದು ಪ್ರವಾಸದ ವೆಬ್‌ಸೈಟಿಗೆ ಕೊಟ್ಟಿದ್ದರು. ಅಲ್ಲಿ ಅದು ಯಾರು ಬೇಕಾದರೂ ನೋಡುವ ಹಾಗೆ ಇತ್ತು, ಡೌನ್‌ಲೋಡ್ ಮಾಡಲು ಯಾವ ತಡೆಯೂ ಇರಲಿಲ್ಲ. ಶಾಲೆಯ ಒಬ್ಬ ವಿದ್ಯಾರ್ಥಿ ಅದನ್ನು ಇಳಿಸಿಕೊಂಡು, ಯಾವ ಸೈಟಿನದು ಅಂತ ಮೂಲವನ್ನೂ ಬರೆದು, ಸ್ಪ್ಯಾನಿಷ್ ಕಲಿಕೆಯ ಒಂದು ಪ್ರಬಂಧದಲ್ಲಿ ಬಳಸಿದರು. ಶಾಲೆ ಆ ಪ್ರಬಂಧವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿತು. ನಾನು ಒಪ್ಪಿಗೆ ಕೊಟ್ಟಿದ್ದು ಆ ಪ್ರವಾಸದ ಸೈಟಿಗೆ ಮಾತ್ರ ಅಂತ ಛಾಯಾಗ್ರಾಹಕರು ಹೇಳಿದರು. ವಿಷಯ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. 2018ರ ಆಗಸ್ಟಿನಲ್ಲಿ ಬಂದ ತೀರ್ಪು ಇಷ್ಟು: ಒಂದು ಸೈಟಿನಿಂದ ಇಳಿಸಿಕೊಂಡು ಇನ್ನೊಂದು ಸೈಟಿನಲ್ಲಿ ಹಾಕುವುದಕ್ಕೆ ಮೂಲ ಹಕ್ಕುದಾರರ ಹೊಸ ಒಪ್ಪಿಗೆ ಬೇಕು. ಆ ಪ್ರಬಂಧದಲ್ಲಿ ಮೂಲ ಬರೆದಿತ್ತು, ಉದ್ದೇಶವೂ ಕಲಿಕೆಯದೇ, ಲಾಭದ ಮಾತಂತೂ ಇರಲೇ ಇಲ್ಲ. ಆದರೂ ಒಪ್ಪಿಗೆಯ ಜಾಗವನ್ನು ಇವು ಯಾವುದೂ ತುಂಬಲಿಲ್ಲ. ಆ ತೀರ್ಪು ಯುರೋಪಿನದು, ಎಲ್ಲ ದೇಶಕ್ಕೂ ಹಾಗೇ ಅನ್ವಯಿಸುವುದಿಲ್ಲ, ಆದರೆ ನಿಮ್ಮ ಇಬ್ಬರು ಸಹೋದ್ಯೋಗಿಗಳ ಮಾತು ಎಲ್ಲಿ ಸಡಿಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಕರಣ ನನಗೆ ಗೊತ್ತಿಲ್ಲ.

ಮೂಲ ಹಾಕಿದರೆ ಸಾಕು ಅನ್ನುವವರ ಮಾತನ್ನು ಮೊದಲು ಮುಗಿಸೋಣ. ಮೂಲ ಹಾಕಲೇಬೇಕು, ಅನುಮತಿ ಸಿಕ್ಕಿದರೂ ಹಾಕಬೇಕು. ಆದರೆ ಹೆಸರು ಹೇಳುವುದು ಬೇರೆ, ಕೇಳುವುದು ಬೇರೆ. ಹಾಗೆಯೇ "ಸೈಟಿನಲ್ಲಿ ಕಾಪಿರೈಟ್ ಗುರುತು ಇಲ್ಲ, ಹಾಗಾಗಿ ತೊಂದರೆ ಇಲ್ಲ" ಅನ್ನುವುದನ್ನೂ ಕೇಳಿರುತ್ತೀರಿ. ಹೆಚ್ಚುಕಡಿಮೆ ಇಡೀ ಜಗತ್ತು ಒಪ್ಪಿಕೊಂಡಿರುವ ಬರ್ನ್ ಒಪ್ಪಂದದ ಪ್ರಕಾರ ಹಕ್ಕು ತಾನಾಗಿಯೇ ಬರುತ್ತದೆ, ಗುರುತು ಹಾಕಬೇಕು, ನೋಂದಣಿ ಮಾಡಿಸಬೇಕು ಅನ್ನುವುದೇನೂ ಇಲ್ಲ.

ಇನ್ನು ಪಾಠಕ್ಕಾದರೆ ಬೇಡ ಅನ್ನುವ ಮಾತು. ಇದರಲ್ಲಿ ಅರ್ಧ ನಿಜ ಇದೆ, ಆ ಅರ್ಧ ಯಾವುದು ಅಂತ ಸರಿಯಾಗಿ ತಿಳಿದುಕೊಂಡರೆ ನಿಮಗೆ ತುಂಬಾ ಉಪಯೋಗ. ಬರ್ನ್ ಒಪ್ಪಂದವೇ ಪಾಠದ ಬಳಕೆಗೆ ವಿನಾಯಿತಿ ಕೊಡಲು ದೇಶಗಳಿಗೆ ಅವಕಾಶ ಬಿಟ್ಟಿದೆ, ಬಹಳ ದೇಶಗಳು ಕೊಟ್ಟೂ ಇವೆ. ಆದರೆ ಪ್ರತಿ ದೇಶದ ಬೇಲಿ ಬೇರೆ ಬೇರೆ ಕಡೆ ಇದೆ. ಭಾರತದ ಕಾಪಿರೈಟ್ ಕಾನೂನಿನ 52ನೇ ಕಲಮು ಪಾಠದ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಕೃತಿಯನ್ನು ನಕಲು ಮಾಡಿಕೊಳ್ಳುವುದಕ್ಕೆ ಜಾಗ ಕೊಡುತ್ತದೆ, ಸಭಿಕರು ಶಾಲೆಯ ಮಕ್ಕಳು, ಸಿಬ್ಬಂದಿ, ಪೋಷಕರಷ್ಟೇ ಆಗಿದ್ದರೆ ವಿಡಿಯೊ ತೋರಿಸುವುದಕ್ಕೂ ಕೊಡುತ್ತದೆ. ಅಮೆರಿಕದಲ್ಲಿ ಲಾಭಕ್ಕಲ್ಲದ ಶಾಲೆಯ ತರಗತಿಯಲ್ಲಿ ಎದುರೆದುರು ಕೂರಿಸಿಕೊಂಡು ತೋರಿಸಬಹುದು, ಆದರೆ ಕೈಯಲ್ಲಿರುವ ಕಾಪಿ ಅಕ್ರಮವಾಗಿ ಮಾಡಿದ್ದು ಅಂತ ಗೊತ್ತಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಯುರೋಪಿಯನ್ ಒಕ್ಕೂಟದ 2019ರ ಕಾಪಿರೈಟ್ ನಿರ್ದೇಶನ ಪಾಠಕ್ಕೆ ಡಿಜಿಟಲ್ ಬಳಕೆಯನ್ನು ಒಪ್ಪುತ್ತದೆ, ಆದರೆ ಅದು ಶಾಲೆಯ ಆವರಣದಲ್ಲಿ ಇರಬೇಕು, ಇಲ್ಲವೇ ಶಾಲೆಯ ಮಕ್ಕಳು ಮತ್ತು ಸಿಬ್ಬಂದಿಗೆ ಮಾತ್ರ ತೆರೆದುಕೊಳ್ಳುವ ಸುರಕ್ಷಿತ ವ್ಯವಸ್ಥೆಯೊಳಗೆ ಇರಬೇಕು.

ನೀವು ಮಾಡಬೇಕು ಅಂದುಕೊಂಡಿರುವುದು ಒಂದು ಕೆಲಸದ ಹಾಗೆ ಕಾಣುತ್ತದೆ, ಆದರೆ ಅದು ನಾಲ್ಕು. ತರಗತಿಯಲ್ಲಿ ತೋರಿಸುವುದು, ಅದಕ್ಕಾಗಿ ಕಾಪಿ ಇಟ್ಟುಕೊಳ್ಳುವುದು, ಸಬ್‌ಟೈಟಲ್ ಹಾಕುವುದು, ಗ್ರೂಪಿಗೆ ಕಳಿಸುವುದು. ತೋರಿಸುವುದಕ್ಕೆ ತುಂಬಾ ಕಡೆ ವಿನಾಯಿತಿ ಇದೆ. ಕಾಪಿಗೆ ಕೆಲವು ಕಡೆ ಇದೆ, ಷರತ್ತಿನ ಮೇಲೆ. ಸಬ್‌ಟೈಟಲ್ ಅಂದರೆ ಅನುವಾದ, ಅನುವಾದದ ಹಕ್ಕು ಮೂಲ ಮಾತಿನವರದು, ಅದು ಬೇರೆಯದೇ ಹಕ್ಕು. ಗ್ರೂಪಿಗೆ ಕಳಿಸುವುದು ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಅಲ್ಲಿಗೆ ಹೋದ ಫೈಲ್ ಪೋಷಕರ ಫೋನಿನಿಂದ ಇನ್ನೊಂದು ಗ್ರೂಪಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಲೇ ಇರುತ್ತದೆ, ನೀವು ಅಳಿಸಿದರೂ ವಾಪಸ್ ಬರುವುದಿಲ್ಲ. ಸೈಟಿನವರಿಗೆ ನಿಜವಾದ ಭಯ ಇರುವುದೂ ಇದರದ್ದೇ.

ಹಾಗಾದರೆ ಮತ್ತೆ ಪತ್ರ ಬರೆಯುವ ಮೊದಲು ಹತ್ತು ನಿಮಿಷ ಸೈಟಿನಲ್ಲೇ ಹುಡುಕಿ. ಎಷ್ಟೋ ಸಲ ಉತ್ತರ ಅಲ್ಲೇ ಬಿದ್ದಿರುತ್ತದೆ. ಪುಟದ ಅಡಿಯಲ್ಲಿ, "ಬಳಕೆಯ ನಿಯಮ" ಅನ್ನುವ ಪುಟದಲ್ಲಿ, ವಿಡಿಯೊದ ಕೆಳಗಿನ ವಿವರಣೆಯಲ್ಲಿ, ವಿಡಿಯೊದ ಕೊನೆಯ ಕೆಲವು ಸೆಕೆಂಡಿನಲ್ಲಿ CC ಅಂತ ಶುರುವಾಗುವ ಲೈಸೆನ್ಸ್ ಗುರುತು ಇದೆಯಾ ನೋಡಿ, ಅದು ಕ್ರಿಯೇಟಿವ್ ಕಾಮನ್ಸ್, ಅಂದರೆ ಹಕ್ಕುದಾರರು ಷರತ್ತು ಹಾಕಿ ಎಲ್ಲರಿಗೂ ಮೊದಲೇ ಕೊಟ್ಟಿಟ್ಟ ಅನುಮತಿ. CC BY ಅಂತಿದ್ದರೆ ನಿಮಗೆ ಪತ್ರವೇ ಬೇಡ, ಹೆಸರು ಮತ್ತು ಲೈಸೆನ್ಸ್ ಹಾಕಿ, ಏನು ಬದಲಿಸಿದಿರಿ ಅಂತ ಹೇಳಿ ನಾಲ್ಕೂ ಕೆಲಸ ಮಾಡಬಹುದು. ಸ್ಲೈಡಿನೊಳಗಿನ ಬೇರೆಯವರ ಚಿತ್ರಗಳಿಗೆ ಮಾತ್ರ ಆ ಲೈಸೆನ್ಸ್ ಅನ್ವಯಿಸುವುದಿಲ್ಲ. CC BY-NC-ND 4.0 ಅಂತಿದ್ದರೆ ಸ್ವಲ್ಪ ನಿಧಾನಿಸಿ, ಉಪನ್ಯಾಸಗಳಿಗೆ ಇದನ್ನು ಹಾಕಿರುವುದು ನಿಮ್ಮ ಕಣ್ಣಿಗೆ ಬೀಳುತ್ತದೆ, TED ಭಾಷಣಗಳಿಗೂ ಇದೇ ಇದೆ. ಇದರಲ್ಲಿ ಲಾಭದ ಉದ್ದೇಶ ಇಲ್ಲದೆ ಪೂರ್ತಿಯನ್ನಾಗಲಿ ಒಂದು ಭಾಗವನ್ನಾಗಲಿ ಇದ್ದ ಹಾಗೆಯೇ ಕಾಪಿ ಮಾಡಿ ಹಂಚಬಹುದು, ಅಂದರೆ ನಿಮ್ಮ 12 ನಿಮಿಷದ ತುಣುಕಿಗೆ ತೊಂದರೆ ಇಲ್ಲ. ಆದರೆ ಬದಲಾಯಿಸಿದ್ದನ್ನು ಹಂಚುವ ಹಾಗಿಲ್ಲ, ಅನುವಾದವೂ ಬದಲಾವಣೆಯೇ. ಹಾಗಾಗಿ ಕನ್ನಡ ಸಬ್‌ಟೈಟಲ್ಲಿಗೆ ಆಗಲೂ ಕೇಳಬೇಕಾಗುತ್ತದೆ. ಗುರುತು ಏನೂ ಇಲ್ಲದಿದ್ದರೆ ಎಲ್ಲ ಹಕ್ಕೂ ಅವರದೇ ಅಂತ ತಿಳಿದುಕೊಂಡು ಮುಂದುವರಿಯಿರಿ.

ಇನ್ನೊಂದು ಸಣ್ಣ ಪರೀಕ್ಷೆ: ವಿಡಿಯೊ ನಿಜವಾಗಿ ಎಲ್ಲಿದೆ? ಸೈಟಿನ ಪುಟದಲ್ಲಿ ಕಂಡರೂ ಅದು ಯೂಟ್ಯೂಬಿನಿಂದ ತಂದು ಕೂರಿಸಿದ್ದಾಗಿರಬಹುದು. ಹಾಗಿದ್ದರೆ ಯೂಟ್ಯೂಬಿನ ಸ್ವಂತ ನಿಯಮವೂ ನಡುವೆ ಬರುತ್ತದೆ, ಅವರೇ ಕೊಟ್ಟ ಸೌಲಭ್ಯ ಬಿಟ್ಟು ಬೇರೆ ಸಾಧನದಿಂದ ಇಳಿಸಿಕೊಳ್ಳುವುದನ್ನು ಅದು ಒಪ್ಪುವುದಿಲ್ಲ. ಕೂಟದವರು "ಡೌನ್‌ಲೋಡ್ ಮಾಡಿಕೊಳ್ಳಿ" ಅಂದರೂ ಯೂಟ್ಯೂಬ್ ಹೂಂ ಅಂದ ಹಾಗಾಗುವುದಿಲ್ಲ. ಇದಕ್ಕೆ ಸುಲಭದ ದಾರಿ ಇದೆ, ಬಹಳ ಜನರಿಗೆ ಹೊಳೆಯುವುದಿಲ್ಲ: ಫೈಲನ್ನೇ ಕಳಿಸಿ ಅಂತ ಕೇಳಿ. ಅವರ ಹತ್ತಿರ ಮೂಲ ರೆಕಾರ್ಡಿಂಗ್ ಇರುತ್ತದೆ, ಒಂದು ಲಿಂಕ್ ಕಳಿಸಿದರೆ ಮುಗಿಯಿತು. ನಿಮಗೆ ಚಿತ್ರವೂ ಚೆನ್ನಾಗಿ ಸಿಗುತ್ತದೆ, ಯಾವುದೋ ಅಪರಿಚಿತ ಡೌನ್‌ಲೋಡ್ ಸೈಟಿಗೆ ಹೋಗುವ ಗೋಜೂ ಇರುವುದಿಲ್ಲ.

ಈಗ ಪತ್ರ. ಉದ್ದ ಬೇಡ, ಹೊಗಳಿಕೆ ಒಂದು ಸಾಲಿಗಿಂತ ಜಾಸ್ತಿ ಬೇಡ. ಓದಿದವರು "ಸರಿ" ಅಂತ ಎರಡಕ್ಷರ ಬರೆದು ಕಳಿಸಿದರೂ ಆ ಎರಡಕ್ಷರಕ್ಕೆ ಪೂರ್ತಿ ಅರ್ಥ ಇರಬೇಕು, ಪತ್ರವನ್ನು ಆ ಲೆಕ್ಕದಲ್ಲೇ ಬರೆಯಬೇಕು. ಯಾಕೆಂದರೆ ಬರುವ ಉತ್ತರ ಬಹುತೇಕ ಅಷ್ಟೇ ಚಿಕ್ಕದಾಗಿರುತ್ತದೆ. ನಿಮ್ಮದಕ್ಕೆ ನಾನು ಹೀಗೆ ಬರೆಯುತ್ತಿದ್ದೆ:

> ವಿಷಯ: ಭೂಕಂಪದ ಅಲೆಗಳ ಉಪನ್ಯಾಸದ 12 ನಿಮಿಷವನ್ನು 9ನೇ ತರಗತಿಗೆ ತೋರಿಸಲು ಅನುಮತಿ ಕೋರಿ
>
> ನಮಸ್ಕಾರ. ನಾನು (ಹೆಸರು), (ಶಾಲೆ)ಯಲ್ಲಿ ವಿಜ್ಞಾನ ಶಿಕ್ಷಕ. ನಿಮ್ಮ ಸೈಟಿನಲ್ಲಿರುವ (ಶೀರ್ಷಿಕೆ, ಉಪನ್ಯಾಸಕರ ಹೆಸರು, ಪುಟದ ವಿಳಾಸ) ಉಪನ್ಯಾಸದಲ್ಲಿ 14:20ರಿಂದ 26:20ರವರೆಗಿನ ಭಾಗವನ್ನು ನನ್ನ ಪಾಠದಲ್ಲಿ ಬಳಸಬೇಕೆಂದಿದ್ದೇನೆ. ಪಿ ಮತ್ತು ಎಸ್ ಅಲೆಗಳ ವ್ಯತ್ಯಾಸವನ್ನು ಅಲ್ಲಿ ವಿವರಿಸಿರುವ ರೀತಿ ನಮ್ಮ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ.
>
> ಈ ನಾಲ್ಕಕ್ಕೆ ನಿಮ್ಮ ಒಪ್ಪಿಗೆ ಬೇಕು. ಬೇರೆ ಬೇರೆಯಾಗಿ ಹೌದು, ಇಲ್ಲ ಎಂದು ಹೇಳಿದರೂ ಆಗುತ್ತದೆ.
>
> ಒಂದು: ತರಗತಿಯಲ್ಲಿ ಇಂಟರ್ನೆಟ್ ಇಲ್ಲದ ಕಾರಣ, ಈ ಭಾಗದ ಒಂದು ಕಾಪಿ ಶಾಲೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವುದು. ಸಾಧ್ಯವಾದರೆ ಫೈಲನ್ನು ನೀವೇ ಕಳಿಸಿಕೊಡಿ.
>
> ಎರಡು: ಈ ವರ್ಷ ಮತ್ತು ಮುಂದಿನ ಎರಡು ವರ್ಷ, 9ನೇ ತರಗತಿಯ ಸುಮಾರು 40 ಮಕ್ಕಳಿಗೆ ತೋರಿಸುವುದು. ಇದಕ್ಕೆ ಮಕ್ಕಳಿಂದ ಹಣ ಪಡೆಯುವುದಿಲ್ಲ.
>
> ಮೂರು: ಕನ್ನಡ ಸಬ್‌ಟೈಟಲ್ ಸೇರಿಸುವುದು. ಅನುವಾದ ನಮ್ಮದು ಎಂದು ಪರದೆಯ ಮೇಲೆ ಹಾಕುತ್ತೇವೆ, ನೀವು ಅಥವಾ ಉಪನ್ಯಾಸಕರು ನೋಡಿ ತಿದ್ದಬಹುದು, ಬೇಕಾದರೆ ನೀವೂ ಬಳಸಿಕೊಳ್ಳಬಹುದು.
>
> ನಾಲ್ಕು: ಬಾರದ ಮಕ್ಕಳಿಗಾಗಿ, ಶಾಲೆಯ ಪಾಸ್‌ವರ್ಡ್ ಇರುವ ಪುಟದಲ್ಲಿ ಎರಡು ವಾರ ಇಡುವುದು.
>
> ಯೂಟ್ಯೂಬಿಗಾಗಲಿ ಸಾರ್ವಜನಿಕ ಜಾಗಕ್ಕಾಗಲಿ ಹಾಕುವುದಿಲ್ಲ. ಉಪನ್ಯಾಸಕರ ಹೆಸರು, ನಿಮ್ಮ ಕೂಟದ ಹೆಸರು, ಪುಟದ ವಿಳಾಸ ಶುರುವಿನಲ್ಲೇ ತೋರಿಸುತ್ತೇವೆ. ಬೇರೆ ರೀತಿ ಹಾಕಬೇಕಿದ್ದರೆ ತಿಳಿಸಿ. ನೀವು ಬೇಡವೆಂದ ದಿನ ಕಾಪಿ ಅಳಿಸುತ್ತೇವೆ.
>
> ಈ ಒಪ್ಪಿಗೆ ಕೊಡುವ ಹಕ್ಕು ನಿಮಗಿದೆಯೇ, ಅಥವಾ ಉಪನ್ಯಾಸಕರನ್ನೂ ಕೇಳಬೇಕೇ? ಸ್ಲೈಡಿನ ಆನಿಮೇಷನ್ ಬೇರೆಯವರದಾಗಿದ್ದರೆ ಯಾರದು ಎಂದು ತಿಳಿಸಿದರೆ ಅವರನ್ನು ನಾನೇ ಕೇಳುತ್ತೇನೆ. ಪಾಠ ಮುಂದಿನ ತಿಂಗಳ 10ಕ್ಕೆ ಇದೆ.

ಎರಡು ಕಡೆ ನಿಮ್ಮ ಯೋಜನೆಯನ್ನು ಸ್ವಲ್ಪ ತಿರುಗಿಸಿದ್ದೇನೆ, ಗಮನಿಸಿರುತ್ತೀರಿ. ಗ್ರೂಪ್ ತೆಗೆದು ಪಾಸ್‌ವರ್ಡ್ ಇರುವ ಪುಟ ಹಾಕಿದ್ದೇನೆ, ಅದಕ್ಕೆ ಹೂಂ ಅನ್ನುವುದು ಅವರಿಗೆ ಸುಲಭ. ಶಾಲೆಗೆ ಅಂಥ ಪುಟ ಇಲ್ಲದಿದ್ದರೆ ನಾಲ್ಕನೆಯದನ್ನು ಬಿಟ್ಟೇಬಿಡಿ, ಆ ಮಕ್ಕಳಿಗೆ ಮರುದಿನ ಊಟದ ಬಿಡುವಿನಲ್ಲಿ ಶಾಲೆಯ ಕಂಪ್ಯೂಟರಿನಲ್ಲೇ ಇನ್ನೊಮ್ಮೆ ತೋರಿಸಿದರಾಯಿತು. ಎರಡನೆಯದು ವರ್ಷದ ಲೆಕ್ಕ. ಅದನ್ನು ಹೇಳದೆ ಹೋದರೆ ಮುಂದಿನ ವರ್ಷ ಮತ್ತೆ ಕೇಳಬೇಕಾ ಬೇಡವಾ ಅನ್ನುವ ಅನುಮಾನ ನಿಮಗೇ ಕಾಡುತ್ತದೆ. ಕೊನೆಯ ಪ್ಯಾರಾದ ಪ್ರಶ್ನೆಯನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. ಹಕ್ಕಿದೆಯೇ ಅಂತ ಕೇಳಿದರೆ ಅವಮಾನ ಮಾಡಿದ ಹಾಗಾಗುತ್ತದೆ ಅಂತ ಕೆಲವರು ಹಿಂಜರಿಯುತ್ತಾರೆ, ಆದರೆ ಆ ಕಡೆ ಕೂತವರಿಗೆ ಅದರಿಂದ ಒಂದು ಹೊರೆ ಇಳಿಯುತ್ತದೆ. "ನಮ್ಮ ಕಡೆಯಿಂದ ಸರಿ, ವಿಜ್ಞಾನಿಯವರನ್ನು ಕೇಳಿ" ಅಂತ ಬರೆಯಲು ದಾರಿ ಸಿಗುತ್ತದೆ.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಅಕ್ಷರಗಳನ್ನು ವಿಡಿಯೊದ ಮೇಲೆ ಅಳಿಸಲಾಗದ ಹಾಗೆ ಅಚ್ಚೊತ್ತಬೇಡಿ, ಬೇರೆ ಫೈಲಾಗಿ ಇಡಿ. ನೋಟ್‌ಪ್ಯಾಡಿನಲ್ಲೇ ಬರೆದು, UTF-8 ಆಯ್ಕೆ ಮಾಡಿ, ಫೈಲಿನ ಬಗೆ All files ಅಂತ ಆರಿಸಿ, ಹೆಸರಿನ ಕೊನೆಗೆ `.srt` ಹಾಕಿ ಉಳಿಸಿದರೆ ಸಾಕು:

```
1
00:00:04,000 --> 00:00:08,500
ಮೊದಲು ಬರುವುದು ಪಿ ಅಲೆ.

2
00:00:08,800 --> 00:00:12,000
ಅದರ ಹಿಂದೆ ಎಸ್ ಅಲೆ ಬರುತ್ತದೆ.
```

ವಿಡಿಯೊ ಫೈಲಿನ ಹೆಸರನ್ನೇ ಇದಕ್ಕೂ ಕೊಟ್ಟು ಒಂದೇ ಫೋಲ್ಡರಿನಲ್ಲಿಟ್ಟರೆ VLC ತಾನಾಗಿಯೇ ತೋರಿಸುತ್ತದೆ. ಹೀಗೆ ಮಾಡಿದರೂ ಅದು ಅನುವಾದವೇ, ಒಪ್ಪಿಗೆ ಬೇಕೇ ಬೇಕು. ಲಾಭ ಏನೆಂದರೆ ಅವರ ವಿಡಿಯೊ ಮುಟ್ಟದೆ ಹಾಗೇ ಉಳಿಯುತ್ತದೆ, ತಪ್ಪಿದ್ದರೆ ಒಂದು ಸಾಲು ತಿದ್ದಿದರೆ ಮುಗಿಯಿತು, ಪರಿಶೀಲನೆಗೆ ಕಳಿಸಲೂ ಹಗುರ. ಉಪನ್ಯಾಸಕರಿಗೆ ಅನುವಾದದ ಬಗ್ಗೆ ಇರುವ ಅಳುಕು ತಮ್ಮ ಹೆಸರಿನಲ್ಲಿ ತಪ್ಪು ವಿಜ್ಞಾನ ಓಡಾಡೀತು ಅನ್ನುವುದು, ತಿದ್ದಲು ಅವಕಾಶ ಕೊಟ್ಟರೆ ಅದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಉತ್ತರ ಬಂದಾಗ ಖುಷಿಯಲ್ಲಿ ಓದಬೇಡಿ, ನಿಧಾನವಾಗಿ ಓದಿ. "ಖಂಡಿತ, ಲಿಂಕನ್ನು ಎಲ್ಲರಿಗೂ ಹಂಚಿ" ಅಂತ ಬಂದರೆ ಅದು ಅನುಮತಿ ಹೌದು, ಆದರೆ ಲಿಂಕಿಗೆ. ಕಾಪಿಗೆ ಅಲ್ಲ. ಆಗ ಇನ್ನೊಂದು ಸಾಲು ಬರೆಯಿರಿ: "ಧನ್ಯವಾದ, ಒಂದು ಮತ್ತು ಮೂರನೆಯದಕ್ಕೂ ಒಪ್ಪಿಗೆ ಇದೆಯೆಂದು ತಿಳಿದುಕೊಳ್ಳಲೇ?" ಇದಕ್ಕೆ ಹೌದು ಅಂತ ಬರುವವರೆಗೆ ಕಾಯಿರಿ, ಸುಮ್ಮನಿದ್ದರೆ ಹೌದು ಅಂತ ಲೆಕ್ಕ ಹಾಕಬೇಡಿ. ಬರೀ "ಸರಿ" ಅಂತ ಬಂದರೆ ನಿಮ್ಮ ಪತ್ರ ಅದರ ಕೆಳಗೇ ಇರುತ್ತದೆ, ನಾಲ್ಕಕ್ಕೂ ಸರಿ. "ನಮ್ಮ ಕಡೆಯಿಂದ ಅಡ್ಡಿಯಿಲ್ಲ, ಆದರೆ ಆ ಆನಿಮೇಷನ್ ನಮ್ಮದಲ್ಲ" ಅಂತ ಬಂದರೆ ತುಣುಕಿನಲ್ಲಿ ಅದು ಎಷ್ಟು ಹೊತ್ತು ಬರುತ್ತದೆ ಅಂತ ನೋಡಿ. ಅರ್ಧ ನಿಮಿಷವಾದರೆ ಅಲ್ಲಿ ಪರದೆ ಕಪ್ಪು ಮಾಡಿ ಮಾತು ಮಾತ್ರ ಕೇಳಿಸಬಹುದು, ಆ ಹೊತ್ತಿಗೆ ನೀವೇ ಬೋರ್ಡಿನ ಮೇಲೆ ಅಲೆ ಬರೆದು ತೋರಿಸಬಹುದು. ಪರದೆ ಕಪ್ಪು ಮಾಡುವುದೂ ಒಂದು ಬದಲಾವಣೆ, ಅದಕ್ಕೆ ಅದೇ ಉತ್ತರದಲ್ಲಿ ಕೂಟದವರ ಒಪ್ಪಿಗೆ ಕೇಳಿಬಿಡಿ.

ಫೋನಿನಲ್ಲಿ ಒಪ್ಪಿದರೆ? ಒಳ್ಳೆಯದೇ, ಆದರೆ ಅದೇ ದಿನ "ಇವತ್ತು ಮಾತಾಡಿದ ಪ್ರಕಾರ" ಅಂತ ನಾಲ್ಕು ವಿಷಯ ಬರೆದು ಈಮೇಲ್ ಹಾಕಿ, ಒಂದು ಸಾಲಿನ ಉತ್ತರ ತರಿಸಿಕೊಳ್ಳಿ. ಇಂಥ ಕೂಟಗಳಲ್ಲಿ ಕಾರ್ಯದರ್ಶಿಗಳು ಬದಲಾಗುತ್ತಿರುತ್ತಾರೆ, ಹೊಸಬರಿಗೆ ಹಳಬರ ಮಾತು ಗೊತ್ತಿರುವುದಿಲ್ಲ.

ಈ ಸಲವೂ ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಂದೇ ಒಂದು ನೆನಪೋಲೆ ಹಾಕಿ. ಈಮೇಲಿಗೆ ಹಾಕಿದ್ದಿರಾದರೆ ಸೈಟಿನ ಸಂಪರ್ಕ ಫಾರಂನಲ್ಲೂ ಹಾಕಿ, ಅಪರಿಚಿತ ಪತ್ರಗಳು ಸ್ಪ್ಯಾಮಿಗೆ ಹೋಗಿ ಬೀಳುತ್ತವೆ. ಜೊತೆಗೆ ಉಪನ್ಯಾಸ ಕೊಟ್ಟವರಿಗೇ ನೇರವಾಗಿ ಬರೆಯಿರಿ, ವಿಜ್ಞಾನಿಗಳ ವಿಳಾಸ ಅವರ ಸಂಸ್ಥೆಯ ಪುಟದಲ್ಲಿ ಸಾಮಾನ್ಯವಾಗಿ ಇರುತ್ತದೆ. ನನ್ನ ಅನುಭವದಲ್ಲಿ ಸೈಟಿನವರಿಗಿಂತ ಉಪನ್ಯಾಸಕರೇ ಬೇಗ ಉತ್ತರ ಕೊಡುತ್ತಾರೆ. ತಮ್ಮ ಮಾತು ಒಂದು ತರಗತಿಗೆ ತಲುಪುತ್ತದೆ ಅಂದರೆ ಅವರಿಗೆ ಸಂತೋಷ, ಎಷ್ಟೋ ಜನ ಕೂಟದವರಿಗೆ ತಾವೇ ಒಂದು ಮಾತು ಹೇಳುತ್ತಾರೆ. ಅವರ ಒಪ್ಪಿಗೆ ಮಾತಿಗೆ ಮತ್ತು ಅನುವಾದಕ್ಕೆ ಸಾಕು, ರೆಕಾರ್ಡಿಂಗಿಗೆ ಕೂಟದ ಒಪ್ಪಿಗೆ ಆಗಲೂ ಬೇಕು ಅನ್ನುವುದು ನೆನಪಿರಲಿ.

ಯಾರಿಂದಲೂ ಏನೂ ಬರಲಿಲ್ಲ, 10ನೇ ತಾರೀಕು ಬಂತು ಅನ್ನಿ. ಆಗಲೂ ಕೈಕಟ್ಟಿ ಕೂರಬೇಕಿಲ್ಲ. ಎಲ್ಲಕ್ಕಿಂತ ಕಡಿಮೆ ಅಪಾಯದ್ದು, ನೆಟ್ ಇರುವ ಕೋಣೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಅಥವಾ ಫೋನಿನ ಹಾಟ್‌ಸ್ಪಾಟಿನಿಂದ ಸೈಟಿನ ಪುಟದಲ್ಲೇ ಓಡಿಸುವುದು. ನೆಟ್ ನಿಧಾನವಾಗಿದ್ದರೆ ವಿಡಿಯೊದ ಗುಣಮಟ್ಟವನ್ನು 360p ಗೆ ಇಳಿಸಿ, ಮಾತು ಕೇಳಿಸಿದರೆ ಪಾಠಕ್ಕೆ ಸಾಕಾಗುತ್ತದೆ. ಸಬ್‌ಟೈಟಲ್ ಬದಲು ನಡುನಡುವೆ ನಿಲ್ಲಿಸಿ ನೀವೇ ಕನ್ನಡದಲ್ಲಿ ಹೇಳಿ. ಇಲ್ಲಿರುವ ಅಪಾಯ ಕಾನೂನಿನದಲ್ಲ, ನೆಟ್ ಕೈಕೊಡುವುದು. ಇನ್ನೊಂದು ದಾರಿ, ಉಪನ್ಯಾಸವನ್ನು ನೀವು ಚೆನ್ನಾಗಿ ನೋಡಿ ಅರಗಿಸಿಕೊಂಡು ನಿಮ್ಮ ಮಾತಿನಲ್ಲಿ, ನಿಮ್ಮ ಚಿತ್ರದಲ್ಲಿ ಹೇಳುವುದು. ಪಿ ಅಲೆ ಎಸ್ ಅಲೆಗಿಂತ ವೇಗ, ಎಸ್ ಅಲೆ ದ್ರವದಲ್ಲಿ ಹಾದುಹೋಗುವುದಿಲ್ಲ, ಭೂಮಿಯ ಹೊರತಿರುಳು ದ್ರವ ಅಂತ ಗೊತ್ತಾದದ್ದಕ್ಕೆ ಅದೇ ಒಂದು ದೊಡ್ಡ ಸುಳಿವು, ಈ ಸಂಗತಿಗಳ ಮೇಲೆ ಯಾರಿಗೂ ಹಕ್ಕಿಲ್ಲ. ಹಕ್ಕು ಇರುವುದು ಅವರು ಹೇಳಿದ ಮಾತಿಗೆ, ತೋರಿಸಿದ ಚಿತ್ರಕ್ಕೆ.

ಮೂರನೆಯದು ನಿಮ್ಮ ದೇಶದ ಶಿಕ್ಷಣ ವಿನಾಯಿತಿಯನ್ನು ನಂಬಿ ಮುಂದುವರಿಯುವುದು. ಇದು ನ್ಯಾಯವಾದ ದಾರಿಯೇ, ವಿನಾಯಿತಿ ಇರುವುದೇ ಅದಕ್ಕೆ. ಅನುಮತಿ ಕೇಳಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಆ ಹಕ್ಕನ್ನು ನೀವು ಕಳೆದುಕೊಳ್ಳುವುದಿಲ್ಲ. ಆದರೆ ಆಗ ಕೈ ಬಿಗಿಹಿಡಿಯಿರಿ. ಪಾಠಕ್ಕೆ ಬೇಕಾದ 12 ನಿಮಿಷ ಮಾತ್ರ, ಆ ತರಗತಿಯೊಳಗೆ ಮಾತ್ರ, ಮೂಲ ಹಾಕಿ, ಪಾಠ ಮುಗಿದ ಮೇಲೆ ಅಳಿಸಿ, ಗ್ರೂಪಿಗೆ ಬೇಡ. ಸಬ್‌ಟೈಟಲ್ ಫೈಲನ್ನು ಯಾರಿಗೂ ಹಂಚಬೇಡಿ. ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ, ಯಾಕೆಂದರೆ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದದ್ದು ಶಾಲೆ. ಸೈಟಿನವರು "ಬೇಡ" ಅಂತ ಸ್ಪಷ್ಟವಾಗಿ ಬರೆದಿದ್ದರೆ ಈ ದಾರಿ ಹಿಡಿಯುವ ಮೊದಲು ಕಾನೂನು ಬಲ್ಲ ಒಬ್ಬರನ್ನು ಕೇಳಿ.

ಅನುಮತಿ ಸಿಕ್ಕಿದರೆ ಆ ಈಮೇಲನ್ನು ಪಿಡಿಎಫ್ ಮಾಡಿ ವಿಡಿಯೊ ಇರುವ ಫೋಲ್ಡರಿನಲ್ಲೇ ಇಡಿ, ನಿಮ್ಮ ಇನ್‌ಬಾಕ್ಸಿನಲ್ಲಿ ಮಾತ್ರ ಇದ್ದರೆ ನೀವು ವರ್ಗವಾಗಿ ಹೋದ ದಿನ ಅದು ಶಾಲೆಯಿಂದಲೂ ಹೋಗುತ್ತದೆ. ಪಕ್ಕದ ಶಾಲೆಯವರು ಪೆನ್‌ಡ್ರೈವ್ ಹಿಡಿದು ಬಂದರೆ ವಿಡಿಯೊ ಕೊಡಬೇಡಿ, ಮೇಲಿನ ಪತ್ರದ ನಕಲು ಮತ್ತು ಸೈಟಿನವರ ವಿಳಾಸ ಕೊಡಿ. ನಿಮಗೆ ಸಿಕ್ಕಿದ ಒಪ್ಪಿಗೆ ನಿಮ್ಮ ತರಗತಿಗೆ, ಅವರದನ್ನು ಅವರೇ ಕೇಳಬೇಕು.